ವಾಯಿದೆ ಬೇರೆ, ಗಡುವು ಬೇರೆ: ಸಮನ್ಸ್ ಕಳಿಸುವವರಿಗೆ ಒಂದು ಬಹಿರಂಗ ಪತ್ರ

ನಮ್ಮ ರಾಜ್ಯದ ತಾಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಶಿರಸ್ತೇದಾರರಿಗೆ, ಸಮನ್ಸ್ ಜಾರಿ ಮಾಡುವ ಅಮೀನರಿಗೆ, ನೋಟಿಸು ಬರೆದು ಕಳಿಸುವ ವಕೀಲ ಬಂಧುಗಳಿಗೆ,

ಮಾನ್ಯರೇ,

ನಾನು ನ್ಯಾಯಾಲಯದ ಕಾಂಪೌಂಡಿನ ಆಚೆ ಮೇಜು ಹಾಕಿಕೊಂಡು ಕೂತಿರುವ ಅರ್ಜಿ ಬರಹಗಾರ. ಇಂಗ್ಲಿಷ್ ಕಾಗದ ತಂದವರಿಗೆ ಕನ್ನಡದಲ್ಲಿ ಓದಿ ಹೇಳುವುದು, ಕೇಳಿದರೆ ಬರೆದುಕೊಡುವುದು ನನ್ನ ದಿನದ ಅರ್ಧ ಕೆಲಸ. ನಾನು ವಕೀಲನಲ್ಲ. ನನ್ನ ಮೇಜಿನಿಂದ ಎದ್ದವರು ನಿಮ್ಮಲ್ಲಿಗೇ ಬರಬೇಕು. ಆದರೆ ಅವರು ನಿಮ್ಮ ಬಾಗಿಲಿಗೆ ಯಾಕೆ ತಡವಾಗಿ ಬರುತ್ತಾರೆ ಎಂಬುದು ನಿಮಗಿಂತ ನನಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಈ ಪತ್ರ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. 2024ರ ಜುಲೈ 11ರಂದು ಟೆಂಪೊ ಓಡಿಸುವ ಹಿರಿಯರೊಬ್ಬರು ಬಂದರು. ಕೈಯಲ್ಲೊಂದು ಸಮನ್ಸ್, ಅದಕ್ಕೆ ಪಿನ್ನು ಹೊಡೆದ ವಾದಪತ್ರದ ನಕಲು, ಒಂದು ಪ್ರೋನೋಟಿನ ಜೆರಾಕ್ಸ್. ಎರಡು ಲಕ್ಷ ರೂಪಾಯಿ ಅಸಲು, ನಲವತ್ತು ಸಾವಿರ ಬಡ್ಡಿ, ಒಟ್ಟು 2,40,000 ರೂಪಾಯಿಗೆ ದಾವೆ. ಸಮನ್ಸಿನ ಮೇಲ್ಭಾಗದಲ್ಲಿ ಕಚೇರಿಯವರು ಪೆನ್ನಿನಲ್ಲಿ ಬರೆದ ತಾರೀಕು ಜುಲೈ 15. "ಸ್ವಾಮಿ, ಸೋಮವಾರ ವಾಯಿದೆ ಇದೆ. ಇನ್ನೂ ನಾಲ್ಕು ದಿನ ಇದೆಯಲ್ಲ, ವಕೀಲರನ್ನು ಹಿಡಿಯೋದಕ್ಕೆ ಮುಂಚೆ ಏನು ಬರೆದಿದ್ದಾರೆ ಅಂತ ಓದಿ ಹೇಳಿ" ಅಂದರು. ಮನುಷ್ಯ ಗಾಬರಿಯಾಗಿರಲಿಲ್ಲ. ಸಮಯಕ್ಕೆ ಮುಂಚೆಯೇ ಬಂದೆ ಎನ್ನುವ ಸಮಾಧಾನ ಮುಖದಲ್ಲಿತ್ತು.

ನಾನು ವಾದಪತ್ರದ ಮೊದಲ ಪುಟ ತಿರುಗಿಸಿದೆ. ದಾವೆ ಸಂಖ್ಯೆಯ ಕೆಳಗೆ ಒಂದೇ ಒಂದು ಸಾಲು: ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಆದೇಶ 37ರ ಅಡಿಯಲ್ಲಿ. ಅಷ್ಟು ಸಾಕಾಯಿತು. ಅವರ ಗಡುವು ಮುಗಿದು ಮೂರು ವಾರ ದಾಟಿತ್ತು.

ಆದೇಶ 37 ಅಂದರೆ ಸಂಕ್ಷಿಪ್ತ ದಾವೆ, ನೀವು ಸಮರಿ ಸೂಟ್ ಅನ್ನುತ್ತೀರಿ. ಪ್ರೋನೋಟು, ಹುಂಡಿ, ಲಿಖಿತ ಕರಾರಿನ ಮೇಲೆ ಬರಬೇಕಾದ ನಿಗದಿತ ಮೊತ್ತ, ಇಂಥವುಗಳಿಗೆ ಹಾಕುವಂಥದ್ದು. ಸಾಮಾನ್ಯ ದಾವೆಯಲ್ಲಿ ಪ್ರತಿವಾದಿಗೆ ಎದುರಾಡುವ ಹಕ್ಕು ತಾನಾಗಿಯೇ ಇರುತ್ತದೆ. ಸಮನ್ಸ್ ಜಾರಿಯಾದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು, ಕಾರಣ ದಾಖಲಿಸಿ ನ್ಯಾಯಾಲಯ ಅದನ್ನು 90 ದಿನದವರೆಗೂ ವಿಸ್ತರಿಸಬಹುದು. ಸಂಕ್ಷಿಪ್ತ ದಾವೆಯಲ್ಲಿ ಹಾಗಿಲ್ಲ. ಎದುರಾಡುವುದಕ್ಕೇ ಅನುಮತಿ ಕೇಳಬೇಕು. ಅದಕ್ಕೂ ಮೊದಲು, ಸಮನ್ಸ್ ಜಾರಿಯಾದ ಹತ್ತು ದಿನದೊಳಗೆ, ತಾನೇ ಹೋಗಿಯೋ ವಕೀಲರ ಮೂಲಕವೋ 'ನಾನು ಈ ದಾವೆಯಲ್ಲಿ ಇದ್ದೇನೆ' ಎಂದು ನ್ಯಾಯಾಲಯದಲ್ಲಿ ಹಾಜರಿ ದಾಖಲಿಸಬೇಕು. ಮುಂದಿನ ನೋಟಿಸುಗಳನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದೂ ಬರೆದುಕೊಡಬೇಕು. ಅದೇ ದಿನ ವಾದಿಯ ಕಡೆಗೂ ತಿಳಿಸಬೇಕು. ಅದನ್ನು ಮಾಡದಿದ್ದರೆ ವಾದಪತ್ರದಲ್ಲಿ ಬರೆದದ್ದನ್ನೆಲ್ಲ ಒಪ್ಪಿಕೊಂಡಂತೆ, ವಾದಿ ನೇರವಾಗಿ ಡಿಕ್ರಿ ಪಡೆಯಬಹುದು.

ಇದೆಲ್ಲ ನಿಮಗೆ ಬಾಯಿಪಾಠ. ಆ ಹಿರಿಯರಿಗೆ ಹೇಗೆ ಗೊತ್ತಿರಬೇಕು? ಸಮನ್ಸಿನಲ್ಲಿ ಬರೆದಿತ್ತಲ್ಲ ಅನ್ನುತ್ತೀರಿ. ಬರೆದಿತ್ತು, ಇಂಗ್ಲಿಷಿನಲ್ಲಿ. ಅವರ ತಂಗಿಯ ಮಗ ಎಂಜಿನಿಯರಿಂಗ್ ಓದುವ ಹುಡುಗ, ನಿಘಂಟು ಹಿಡಿದುಕೊಂಡು ಹಾಳೆಯ ಹಿಂಭಾಗದಲ್ಲಿ ಪೆನ್ಸಿಲ್ಲಿನಿಂದ ಕನ್ನಡಕ್ಕಿಳಿಸಿದ್ದ. ಆ ಅನುವಾದವನ್ನು ನಾನು ನಗುತ್ತ ಓದಲು ಶುರುಮಾಡಿದೆ, ಮುಗಿಸುವಾಗ ನಗು ಇರಲಿಲ್ಲ. "ಸೇವೆಯಾದ ಹತ್ತು ದಿನಗಳಲ್ಲಿ ಹಾಜರಾಗುವುದು" ಎಂದು ಒಂದು ಕಡೆ. "ದಾವೆ ಎದುರಿಸಲು ರಜೆ ಕೇಳಬಹುದು" ಎಂದು ಇನ್ನೊಂದು ಕಡೆ.

ಹುಡುಗನ ತಪ್ಪೇನೂ ಇಲ್ಲ. ನಿಘಂಟಿನಲ್ಲಿ ಸರ್ವಿಸ್ ಅಂದರೆ ಸೇವೆ, ಲೀವ್ ಅಂದರೆ ರಜೆ. ನ್ಯಾಯಾಲಯದ ಕಾಗದದಲ್ಲಿ ಸರ್ವಿಸ್ ಅಂದರೆ ಜಾರಿ, ಲೀವ್ ಅಂದರೆ ಅನುಮತಿ. ಹಿರಿಯರು ಓದಿಕೊಂಡದ್ದು ಹೀಗೆ: ಯಾವುದೋ ಸೇವೆ ಆದ ಮೇಲೆ ಹತ್ತು ದಿನ ಅಂತ ಇದೆ, ಅದೇನೋ ಗೊತ್ತಿಲ್ಲ, ಆದರೆ ಹಾಜರಾಗಬೇಕು ಅಂತ ಇದೆ, ಹಾಜರಾಗುವ ತಾರೀಕು ಮೇಲೇ ಬರೆದಿದ್ದಾರೆ, ಜುಲೈ 15. ಲೆಕ್ಕ ಸರಿಯಾಗಿಯೇ ಇತ್ತು, ಅವರ ಕೈಗೆ ಸಿಕ್ಕ ಮಾತುಗಳ ಪ್ರಕಾರ.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಅಪಿಯರೆನ್ಸ್ ಎಂಬ ಮಾತಿಗೆ ವರ್ಷಗಟ್ಟಲೆ ನಾನೂ 'ಹಾಜರಾಗಿ' ಎಂದೇ ಬರೆದುಕೊಟ್ಟಿದ್ದೇನೆ. ಕನ್ನಡದಲ್ಲಿ ಹಾಜರಾಗು ಅಂದರೆ ಹೇಳಿದ ದಿನ ಹೋಗಿ ನಿಲ್ಲು ಎಂದೇ ಅರ್ಥ. ಹೆಸರು ಕೂಗಿದಾಗ ಕೈಮುಗಿದು ನಿಲ್ಲುವುದು. ಇಲ್ಲಿ ಕೇಳುತ್ತಿರುವುದು ಅದಲ್ಲ. ಕಾಗದ ಸಲ್ಲಿಸಿ ದಾಖಲಿಸುವ ಕೆಲಸ ಅದು, ವಾಯಿದೆಗೆ ಕಾಯುವಂಥದ್ದಲ್ಲ. ಈಗ ನಾನು 'ಹಾಜರಿ ದಾಖಲಿಸಿ' ಎಂದು ಬರೆಯುತ್ತೇನೆ, ಪಕ್ಕದಲ್ಲೇ 'ವಾಯಿದೆಯ ತನಕ ಕಾಯಬೇಡಿ' ಎಂದು ಸೇರಿಸುತ್ತೇನೆ. ಅನುವಾದದಲ್ಲಿ ಇಲ್ಲದ್ದನ್ನು ಸೇರಿಸಿದೆ ಎಂದು ಯಾರಾದರೂ ಆಕ್ಷೇಪಿಸಿದರೆ ಆಕ್ಷೇಪಿಸಲಿ.

ವಾಯಿದೆ, ಗಡುವು ಎಂದು ನಮ್ಮಲ್ಲಿ ಎರಡು ಪದಗಳಿವೆ. ವಾಯಿದೆ ನ್ಯಾಯಾಲಯ ಕೊಡುವ ತಾರೀಕು, ಕಾಗದದ ಮೇಲೆ ಬರೆದಿರುತ್ತದೆ. ಗಡುವು ಕಾನೂನು ಕೊಡುವ ದಿನಗಳ ಎಣಿಕೆ, ಕೊನೆಯ ತಾರೀಕು ಎಲ್ಲಿಯೂ ಬರೆದಿರುವುದಿಲ್ಲ, ಎಣಿಸಿಕೊಳ್ಳಬೇಕು. ಎಣಿಸಲು ಮೊದಲ ದಿನ ಯಾವುದು ಎಂದು ಗೊತ್ತಿರಬೇಕು. ಈ ಹಿರಿಯರ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದದ್ದು ಅದೇ.

ಯಾವತ್ತು ಕಾಗದ ಬಂತು ಎಂದು ಕೇಳಿದೆ. "ಹತ್ತನೇ ತಾರೀಕು ಜೂನ್" ಅಂದರು. ಅಂದು ಅವರು ಬಾಡಿಗೆ ಮುಗಿಸಿ ಊರಿಗೆ ಬಂದ ದಿನ. ಕಾಗದ ಮನೆಗೆ ಬಂದದ್ದು ಜೂನ್ 6, ಗುರುವಾರ. ಸೊಸೆ ಸಹಿ ಹಾಕಿ ತೆಗೆದುಕೊಂಡು ದೇವರ ಗೂಡಿನಲ್ಲಿ ಇಟ್ಟಿದ್ದಳು. ಪ್ರತಿವಾದಿ ಮನೆಯಲ್ಲಿಲ್ಲ, ಸದ್ಯಕ್ಕೆ ಸಿಗುವಂತೆಯೂ ಇಲ್ಲ ಎಂದಾದರೆ, ಜೊತೆಯಲ್ಲಿ ವಾಸಿಸುವ ವಯಸ್ಕ ಕುಟುಂಬ ಸದಸ್ಯರಿಗೆ ಜಾರಿ ಮಾಡಬಹುದು, ಗಂಡಸಾದರೂ ಸರಿ ಹೆಂಗಸಾದರೂ ಸರಿ. ಹಾಗಾಗಿ ಎಣಿಕೆ 6ರಿಂದ. ಸೊಸೆ ಸಹಿ ಹಾಕಿದ್ದು ನ್ಯಾಯಾಲಯದ ಮೂಲಪ್ರತಿಯ ಮೇಲೆ. ಅಮೀನರು ಯಾವ ಹೊತ್ತಿಗೆ, ಹೇಗೆ ಜಾರಿಯಾಯಿತು ಎಂದು ಷರಾ ಬರೆದದ್ದೂ ಅದೇ ಮೂಲಪ್ರತಿಯ ಮೇಲೆ. ಅದು ಅವರ ಚೀಲದಲ್ಲಿ ನ್ಯಾಯಾಲಯಕ್ಕೆ ವಾಪಸು ಹೋಯಿತು. ಮನೆಯಲ್ಲಿ ಉಳಿದ ಪ್ರತಿಯಲ್ಲಿ ಜಾರಿಯಾದ ತಾರೀಕು ಇಲ್ಲ. ಎಣಿಕೆಯ ಮೊದಲ ದಿನ ಯಾರಿಗೆ ಅತ್ಯಗತ್ಯವೋ ಅವರ ಹಾಳೆಯಲ್ಲೇ ಅದು ಖಾಲಿ.

ಎಣಿಸುವ ಕ್ರಮವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ನಿಮ್ಮ ಜೊತೆ ಬೇರೆಯವರೂ ಓದುತ್ತಾರೆ. ಜಾರಿಯಾದ ದಿನವನ್ನು ಬಿಡಬೇಕು. ಜೂನ್ 7 ಒಂದನೇ ದಿನ, ಜೂನ್ 16 ಹತ್ತನೇ ದಿನ. ಹದಿನಾರು ಭಾನುವಾರ. ನ್ಯಾಯಾಲಯದಲ್ಲೇ ಮಾಡಬೇಕಾದ ಕೆಲಸಕ್ಕೆ ಕೊನೆಯ ದಿನ ನ್ಯಾಯಾಲಯ ಮುಚ್ಚಿದ್ದರೆ ತೆರೆಯುವ ಮುಂದಿನ ದಿನ ಮಾಡಬಹುದು. ಸೋಮವಾರ 17 ಬಕ್ರೀದ್ ರಜೆ. ಹಾಗಾಗಿ ಜೂನ್ 18, ಮಂಗಳವಾರ. ಅವರ ನಿಜವಾದ ಗಡುವು ಅದು. ನಡುವೆ ಬರುವ ರಜಾದಿನಗಳನ್ನು ಕಳೆಯುವಂತಿಲ್ಲ, ಕೊನೆಯ ದಿನಕ್ಕೆ ಮಾತ್ರ ಈ ವಿನಾಯಿತಿ. ಎಷ್ಟೋ ಜನ ಎಲ್ಲ ಭಾನುವಾರಗಳನ್ನೂ ಕಳೆದು ನೆಮ್ಮದಿಯಾಗಿರುತ್ತಾರೆ.

ಇನ್ನು, ಕಾಗದ ತೆಗೆದುಕೊಳ್ಳದಿದ್ದರೆ ಎಣಿಕೆಯೇ ಶುರುವಾಗುವುದಿಲ್ಲ ಎಂಬ ಜಾಣತನ ನಮ್ಮ ಕಡೆ ಬಹಳ. ಬೇಡ ಎಂದರೆ ಅಮೀನರು ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ವರದಿ ಬರೆಯುತ್ತಾರೆ, ನ್ಯಾಯಾಲಯ ಅದನ್ನು ಸರಿಯಾದ ಜಾರಿ ಎಂದು ಪರಿಗಣಿಸಬಹುದು. ಕಾಗದ ಓದುವ ಅವಕಾಶ ಮಾತ್ರ ನಿರಾಕರಿಸಿದವರಿಗೆ ಹೋಗುತ್ತದೆ.

ಹಿರಿಯರ ಕತೆ ಅಲ್ಲಿಗೇ ಮುಗಿಯಲಿಲ್ಲ. ಡಿಕ್ರಿ ಇನ್ನೂ ಆಗಿರಲಿಲ್ಲ, ಅದೊಂದು ಪುಣ್ಯ. ಅದೇ ಸಂಜೆ ವಕೀಲರೊಬ್ಬರ ಬಳಿ ಕಳಿಸಿದೆ. ಜುಲೈ 15ರಂದು ಹಾಜರಿಯನ್ನೂ, ವಿಳಂಬ ಮನ್ನಿಸಿ ಎಂಬ ಅರ್ಜಿಯನ್ನೂ ಒಟ್ಟಿಗೆ ಸಲ್ಲಿಸಿದರು. ಸಾಕಷ್ಟು ಕಾರಣ ತೋರಿಸಿದರೆ ವಿಳಂಬ ಮನ್ನಿಸಲು ಆದೇಶ 37ರ ನಿಯಮ 3ರಲ್ಲೇ ಅವಕಾಶವಿದೆ. ಎರಡು ಸಾವಿರ ರೂಪಾಯಿ ಖರ್ಚು ಕಟ್ಟಿಸಿ ನ್ಯಾಯಾಲಯ ಮನ್ನಿಸಿತು.

ಆಗಸ್ಟ್ ತಿಂಗಳಲ್ಲಿ ಅವರು ಮತ್ತೆ ಬಂದರು. ಈ ಸಲ ಮುಖ ಬಿಳುಚಿಕೊಂಡಿತ್ತು. "ಮುಗೀತು ಸ್ವಾಮಿ, ತೀರ್ಪು ಬಂದುಬಿಟ್ಟಿದೆ" ಅಂದರು. ಅವರ ಕೈಯಲ್ಲಿದ್ದದ್ದು ಎರಡನೇ ಸಮನ್ಸ್. ಹಾಜರಿ ದಾಖಲಾದ ಮೇಲೆ ವಾದಿಯು ತನ್ನ ಪ್ರಮಾಣಪತ್ರದ ಜೊತೆ ಕಳಿಸುವ ಇದಕ್ಕೆ ಇಂಗ್ಲಿಷಿನಲ್ಲಿ ಸಮನ್ಸ್ ಫಾರ್ ಜಡ್ಜ್‌ಮೆಂಟ್ ಎಂದು ಹೆಸರು. ತಲೆಬರಹದಲ್ಲಿ ಜಡ್ಜ್‌ಮೆಂಟ್ ಎಂಬ ಮಾತು ಕಂಡದ್ದೇ ಹುಡುಗ 'ತೀರ್ಪಿನ ಸಮನ್ಸ್' ಎಂದು ಬರೆದಿದ್ದ. ತೀರ್ಪು ಬಂದ ಮೇಲೆ ವಕೀಲರ ಹತ್ತಿರ ಹೋಗಿ ಏನು ಫಲ ಎಂದು ಎರಡು ದಿನ ಮನೆಯಲ್ಲೇ ಕೂತಿದ್ದರಂತೆ. ನಿಜದಲ್ಲಿ ಅದು ತೀರ್ಪು ಕೊಡಿ ಎಂಬ ವಾದಿಯ ಕೋರಿಕೆ. ಅದು ತಲುಪಿದ ದಿನದಿಂದಲೇ ಇನ್ನೊಂದು ಹತ್ತು ದಿನದ ಎಣಿಕೆ ಶುರು. ಅಷ್ಟರೊಳಗೆ ಪ್ರಮಾಣಪತ್ರದಲ್ಲಿ ತನ್ನ ಕಡೆಯ ಸಂಗತಿ ಹೇಳಿ, ದಾವೆಯನ್ನು ಎದುರಿಸಲು ಅನುಮತಿ ಕೇಳಬೇಕು. ಆಗಸ್ಟ್ 20ಕ್ಕೆ ಜಾರಿ, ಗಡುವು 30ಕ್ಕೆ. ನನ್ನ ಬಳಿ ಬಂದದ್ದು 22ಕ್ಕೆ. ಈ ಬಾರಿ ಸಮಯವಿತ್ತು.

ಅವರು ಸಾಲವನ್ನು ಸುಮ್ಮನೆ ಮುಳುಗಿಸಿದವರಲ್ಲ. ಬ್ಯಾಂಕಿನ ಮೂಲಕ 1,10,000 ರೂಪಾಯಿ ಹಿಂತಿರುಗಿಸಿದ್ದರು, ಪಾಸ್‌ಬುಕ್ಕಿನಲ್ಲಿ ಸಾಲುಸಾಲಾಗಿ ಇತ್ತು. ಪ್ರೋನೋಟಿನ ಹಿಂಭಾಗದಲ್ಲಿ ಬರೆಸಿಕೊಂಡಿರಲಿಲ್ಲ ಅಷ್ಟೇ. ಬಡ್ಡಿಯ ಮಾತೇ ಆಗಿರಲಿಲ್ಲ ಎಂದೂ ಅವರ ವಾದ. ಪ್ರಮಾಣಪತ್ರದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು: 90,000 ಬಾಕಿ ಇದೆ, ಉಳಿದದ್ದು ಇಲ್ಲ. ಇಲ್ಲಿ ಇನ್ನೊಂದು ಮುಳ್ಳಿದೆ. ಕ್ಲೇಮಿನ ಒಂದು ಭಾಗವನ್ನು ಪ್ರತಿವಾದಿ ಒಪ್ಪಿಕೊಂಡರೆ, ಆ ಭಾಗವನ್ನು ನ್ಯಾಯಾಲಯದಲ್ಲಿ ಠೇವಣಿ ಇಟ್ಟ ಹೊರತು ಅನುಮತಿ ಸಿಗುವುದಿಲ್ಲ. ವಕೀಲರು ಇದನ್ನು ಮೊದಲೇ ಬಿಡಿಸಿ ಹೇಳಿದ್ದರಿಂದ ಹಿರಿಯರು ಮನೆಯವರ ಒಡವೆ ಅಡವಿಟ್ಟು ಹಣ ಹೊಂದಿಸಿದರು. ಅನುಮತಿ ಸಿಕ್ಕಿತು. ದಾವೆ ಇನ್ನೂ ನಡೆಯುತ್ತಿದೆ, ಅದರ ಸರಿತಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು.

ಅವರು ಜುಲೈ 15ರ ಬೆಳಿಗ್ಗೆ ನೇರವಾಗಿ ನ್ಯಾಯಾಲಯಕ್ಕೇ ಹೋಗಿದ್ದರೆ, ಅಷ್ಟರಲ್ಲಿ ಡಿಕ್ರಿ ಆಗಿದ್ದರೆ? ಸಂಕ್ಷಿಪ್ತ ದಾವೆಯ ಡಿಕ್ರಿ ರದ್ದುಪಡಿಸಲು 'ವಿಶೇಷ ಸಂದರ್ಭ' ತೋರಿಸಬೇಕು. ಸಮನ್ಸ್ ಅರ್ಥವಾಗಲಿಲ್ಲ ಎಂಬುದು ವಿಶೇಷ ಸಂದರ್ಭವೇ? ನನ್ನ ಮೇಜಿನ ಮುಂದೆ ಅದು ದಿನನಿತ್ಯದ ಸಂದರ್ಭ.

ಮಾನ್ಯ ಶಿರಸ್ತೇದಾರರೇ, ನನ್ನ ಮೊದಲ ಕೋರಿಕೆ ನಿಮ್ಮಲ್ಲಿ. ಸಮನ್ಸಿನ ನಮೂನೆಯನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ ಎಂದು ಬಲ್ಲೆ. ಆದರೆ ಮೇಲೊಂದು ಕನ್ನಡದ ಚೀಟಿ ಲಗತ್ತಿಸಲು ಅನುಮತಿ ಕೇಳಬಹುದಲ್ಲ? ಸಂಕ್ಷಿಪ್ತ ದಾವೆಗೆ ನಾನು ಬರೆದುಕೊಡುವ ಒಕ್ಕಣೆ ಇದು, ತಿದ್ದಿ ಬಳಸಿಕೊಳ್ಳಿ:

"ನಿಮ್ಮ ಮೇಲೆ ಹಣ ವಸೂಲಿಗಾಗಿ ಸಂಕ್ಷಿಪ್ತ ದಾವೆ ಹೂಡಲಾಗಿದೆ. ಈ ಕಾಗದ ನಿಮಗೆ ಅಥವಾ ನಿಮ್ಮ ಮನೆಯವರಿಗೆ ತಲುಪಿದ ದಿನವನ್ನು ಬಿಟ್ಟು, ಮರುದಿನದಿಂದ ಎಣಿಸಿ ಹತ್ತು ದಿನದೊಳಗೆ ನೀವೇ ಆಗಲಿ ವಕೀಲರ ಮೂಲಕವಾಗಲಿ ಈ ನ್ಯಾಯಾಲಯದಲ್ಲಿ ಹಾಜರಿ ದಾಖಲಿಸಿ, ನೋಟಿಸು ಕಳಿಸಬೇಕಾದ ವಿಳಾಸವನ್ನು ಕೊಡಬೇಕು. ವಾಯಿದೆಯ ದಿನದ ತನಕ ಕಾಯಬೇಡಿ. ಹತ್ತು ದಿನದೊಳಗೆ ಹೀಗೆ ಮಾಡದಿದ್ದರೆ ನಿಮ್ಮ ಮಾತು ಕೇಳದೆಯೇ ಡಿಕ್ರಿ ಆಗಬಹುದು. ಹಾಜರಿ ದಾಖಲಿಸಿದ ನಂತರ ನಿಮಗೆ ಇನ್ನೊಂದು ಸಮನ್ಸ್ ಬರುತ್ತದೆ. ಅದು ತೀರ್ಪಲ್ಲ. ಅದು ತಲುಪಿದ ಹತ್ತು ದಿನದೊಳಗೆ, ದಾವೆಯನ್ನು ಎದುರಿಸಲು ಅನುಮತಿ ಕೇಳಿ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಬೇಕು."

ಅರ್ಧ ಪುಟವೂ ಆಗುವುದಿಲ್ಲ. ಸಾಮಾನ್ಯ ದಾವೆಗೆ ಇನ್ನೂ ಚಿಕ್ಕದು ಸಾಕು: 30 ದಿನ, ಲಿಖಿತ ಹೇಳಿಕೆ.

ಅಮೀನರಲ್ಲಿ ನನ್ನದು ಒಂದೇ ಬೇಡಿಕೆ. ಮೂಲಪ್ರತಿಯ ಮೇಲೆ ಷರಾ ಬರೆಯುವ ಪೆನ್ನಿನಲ್ಲೇ, ಮನೆಯವರಿಗೆ ಕೊಡುವ ಪ್ರತಿಯ ಮೂಲೆಯಲ್ಲಿ ತಾರೀಕು ಹಾಕಿ. ಬಿಸಿಲಲ್ಲಿ ಊರೂರು ಅಲೆಯುವ ನಿಮಗೆ ಅದೊಂದು ಕ್ಷಣದ ಕೆಲಸ. ನಾನು ನನ್ನಲ್ಲಿಗೆ ಬರುವವರಿಗೆಲ್ಲ ಹೇಳುತ್ತಿದ್ದೇನೆ: ಕಾಗದ ತೆಗೆದುಕೊಂಡ ಕೂಡಲೇ ನೀವೇ ತಾರೀಕು ಬರೆದುಕೊಳ್ಳಿ, ಯಾರು ತೆಗೆದುಕೊಂಡರು ಎಂದೂ ಬರೆಯಿರಿ, ಅಂಚೆಯಲ್ಲಿ ಬಂದರೆ ಲಕೋಟೆಯನ್ನು ಎಸೆಯಬೇಡಿ.

ವಕೀಲ ಬಂಧುಗಳೇ, ನಿಮ್ಮ ನೋಟಿಸುಗಳ ಬಗ್ಗೆ ಸ್ವಲ್ಪ ಮುನಿಸೂ ಇದೆ. ನೋಟಿಸಿನಲ್ಲಿ "ಏಳು ದಿನದೊಳಗೆ" ಎಂದು ನೀವು ಬರೆಯುತ್ತೀರಿ. ಹಲವು ಬಾರಿ ಆ ಏಳು ದಿನ ನೀವೇ ಕೊಟ್ಟ ಅವಧಿ. ಅದು ಮುಗಿದರೆ ನೀವು ದಾವೆ ಹೂಡಬಹುದು ಅಷ್ಟೇ, ಎದುರಿನವರ ಹಕ್ಕೇನೂ ಅಂದೇ ಹೋಗುವುದಿಲ್ಲ. ಆದರೆ ಚೆಕ್ ಬೌನ್ಸ್ ನೋಟಿಸಿನಲ್ಲಿರುವ ಹದಿನೈದು ದಿನ ಕಾನೂನಿನದ್ದು. ನೋಟಿಸು ಕೈಸೇರಿದ 15 ದಿನದೊಳಗೆ ಚೆಕ್ಕಿನ ಮೊತ್ತ ಕೊಟ್ಟರೆ 138ನೇ ಕಲಮಿನ ಅಪರಾಧವೇ ಪೂರ್ಣವಾಗುವುದಿಲ್ಲ, ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ದಾಖಲಿಸಬಹುದು. ಎರಡು ನೋಟಿಸುಗಳೂ ಒಂದೇ ಬಗೆಯ ಗದರಿಕೆಯ ಇಂಗ್ಲಿಷಿನಲ್ಲಿ ಬರುತ್ತವೆ. ಓದುವವರಿಗೆ ಎರಡೂ ಒಂದೇ. ಮೊದಲನೆಯದಕ್ಕೆ ಹೆದರಿ ಓಡಿಬಂದವರು, ಅದರಿಂದ ಏನೂ ಆಗಲಿಲ್ಲ ಎಂದು ಕಂಡುಕೊಂಡು, ಎರಡನೆಯದು ಬಂದಾಗ ಡ್ರಾಯರಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾವ ದಿನಗಳು ಕಾನೂನಿನವು, ಯಾವುವು ನಿಮ್ಮವು ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಿದರೆ ನಿಮ್ಮ ಕಕ್ಷಿದಾರರಿಗೆ ಏನೂ ನಷ್ಟವಿಲ್ಲ. ದುಡ್ಡು ಬೇಗ ಬರಲೂಬಹುದು.

ಕಾನೂನು ಸೇವಾ ಸಮಿತಿಗಳ ಫೋನ್ ಸಂಖ್ಯೆ 15100 ಅನ್ನು ಆ ಚೀಟಿಯ ಕೊನೆಯಲ್ಲಿ ಅಚ್ಚು ಹಾಕಿ ಎಂದೂ ಕೋರುತ್ತೇನೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ ಎಂದು ನನ್ನ ಬಳಿ ಬರುವ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಅಧೀನ ನ್ಯಾಯಾಲಯಗಳ ಭಾಷೆ ಯಾವುದೆಂದು ಘೋಷಿಸುವ ಅಧಿಕಾರವನ್ನು ಸಂಹಿತೆಯ 137ನೇ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟು ನೂರು ವರ್ಷ ಮೀರಿದೆ. ದೊಡ್ಡವರು ಅದರ ಬಗ್ಗೆ ಮಾತಾಡಲಿ. ನಾನು ಕೇಳುತ್ತಿರುವುದು ಒಂದು ಚೀಟಿ ಮತ್ತು ಒಂದು ತಾರೀಕು. ಒಕ್ಕಣೆ ಬರೆದಿಟ್ಟಿದ್ದೇನೆ. ಯಾವ ಕಚೇರಿಯವರು ಕೇಳಿದರೂ ಕೈಬರಹದ ಪ್ರತಿ ತಂದುಕೊಡುತ್ತೇನೆ, ಕಾಸು ಬೇಡ.

ಇಂತಿ ತಮ್ಮ ವಿಶ್ವಾಸಿ,
ನ್ಯಾಯಾಲಯದ ಕಾಂಪೌಂಡಿನಾಚೆ ಕೂರುವ ಒಬ್ಬ ಅರ್ಜಿ ಬರಹಗಾರ